ಪಕ್ಕದ ಮಳಿಗೆಯೋ, ಪಕ್ಕದ ಊರೋ?

ದಿನಸಿ ಅಂಗಡಿ ನಡೆಸುವ ಮನೆಗಳಲ್ಲಿ ಮಗ ಗಲ್ಲಾದ ಮೇಲೆ ಕೂರುವುದನ್ನು ಕಲಿತ ಮೇಲೆ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ. "ಅಪ್ಪಾ, ಇನ್ನೆಷ್ಟು ದಿನ ಈ ಒಂದು ಮಳಿಗೆಯಲ್ಲೇ ಇರೋದು? ಚಿಕ್ಕಬಳ್ಳಾಪುರದಲ್ಲಿ ಇನ್ನೊಂದು ಅಂಗಡಿ ಹಾಕೋಣ" ಅನ್ನುತ್ತಾನೆ ಮಗ. "ಅಲ್ಲಿ ಗಲ್ಲಾ ನೋಡ್ಕೊಳ್ಳೋರು ಯಾರಪ್ಪಾ? ಪಕ್ಕದ ಮಳಿಗೆ ಖಾಲಿ ಆಗ್ತಾ ಇದೆ, ಗೋಡೆ ಒಡೆದು ಇದನ್ನೇ ದೊಡ್ಡದು ಮಾಡೋಣ" ಅನ್ನುತ್ತಾರೆ ತಂದೆ. ಇಬ್ಬರೂ ಮಾತಾಡುತ್ತಿರುವುದು ಜಾಗದ ಬಗ್ಗೆ. ಆದರೆ ದಿನಸಿ ವ್ಯಾಪಾರದಲ್ಲಿ ಲಾಭ ಹುಟ್ಟುವುದು ಜಾಗದಿಂದಲ್ಲ, ಹಾಕಿದ ದುಡ್ಡು ಎಷ್ಟು ಬೇಗ ಸುತ್ತಿ ವಾಪಸು ಬರುತ್ತದೆ ಎನ್ನುವುದರಿಂದ. ಇರುವ ಅಂಗಡಿಯ ದುಡ್ಡು ಚುರುಕಾಗಿ ಸುತ್ತುವ ತನಕ, ಮಾಲೀಕ ಎದುರಿಗಿಲ್ಲದಾಗಲೂ ಲೆಕ್ಕ ಸರಿಹೋಗುವ ತನಕ, ಎರಡನೆಯ ಅಂಗಡಿಗೆ ಕೈ ಹಾಕಬಾರದು ಎನ್ನುವುದು ನನ್ನ ವಾದ. ಹಾಗೆಂದು ಗೋಡೆ ಒಡೆದ ಮಾತ್ರಕ್ಕೆ ತಂದೆಯ ಲೆಕ್ಕ ಗೆಲ್ಲುತ್ತದೆ ಎಂದೂ ನಾನು ಹೇಳುವುದಿಲ್ಲ.

ಮಾತು ಗಾಳಿಯಲ್ಲಿ ತೇಲಬಾರದು. ಹಾಗಾಗಿ ಶಿಡ್ಲಘಟ್ಟದ ಒಂದು ಸಾಧಾರಣ ಪ್ರಾವಿಷನ್ ಸ್ಟೋರ್ ಅನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಅಂಕಿಗಳು ಉದಾಹರಣೆಗಾಗಿ ನಾನು ಹಾಕಿಕೊಂಡವು. ಅಂಗಡಿ ಇರುವವರು ತಮ್ಮ ಅಂಕಿಗಳನ್ನು ಆ ಜಾಗದಲ್ಲಿ ಕೂರಿಸಿಕೊಳ್ಳಬಹುದು. ದಿನದ ವ್ಯಾಪಾರ 25,000 ರೂಪಾಯಿ, ತಿಂಗಳಿಗೆ ಏಳೂವರೆ ಲಕ್ಷ. ಸಕ್ಕರೆ, ಎಣ್ಣೆಯಲ್ಲಿ ನೂರಕ್ಕೆ ಎರಡು ಮೂರು ರೂಪಾಯಿ ಉಳಿದರೆ ದೊಡ್ಡದು. ಸೋಪು, ಬಿಸ್ಕತ್ತಿನಲ್ಲಿ ಹತ್ತರ ಆಸುಪಾಸು, ಬಿಡಿಯಾಗಿ ಮಾರುವ ಬೇಳೆ ಮತ್ತು ಮಸಾಲೆ ಸಾಮಾನಿನಲ್ಲಿ ಅದಕ್ಕಿಂತ ಸಾಕಷ್ಟು ಹೆಚ್ಚು. ಎಲ್ಲ ಸೇರಿ ನೂರಕ್ಕೆ ಹತ್ತು ಎಂದರೆ ತಿಂಗಳಿಗೆ 75,000. ಬಾಡಿಗೆ, ಇಬ್ಬರು ಹುಡುಗರ ಸಂಬಳ, ಕರೆಂಟು, ತೆರಿಗೆ ಎಂದು 50,000 ಹೋದರೆ ಮನೆಯವರ ದುಡಿಮೆಗೆ ಉಳಿಯುವುದು 25,000. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಹೆಚ್ಚಿನವರು ಬರೆದಿಡದ ಅಂಕಿಗಳು ಎರಡು. ಅಂಗಡಿಯಲ್ಲಿರುವ ಸರಕಿನ ಕೊಂಡ ಬೆಲೆ 9 ಲಕ್ಷ, ಊರಿನಲ್ಲಿ ಉದ್ರಿ ನಿಂತಿರುವುದು ಎರಡೂವರೆ ಲಕ್ಷ. ದಿನಕ್ಕೆ ಅಂಗಡಿಯಿಂದ ಹೊರಗೆ ಹೋಗುವ ಸರಕಿನ ಕೊಂಡ ಬೆಲೆ 22,500. ಅಂದರೆ ಇವತ್ತು ಹಾಕಿದ ದುಡ್ಡು ಗಲ್ಲಾಕ್ಕೆ ವಾಪಸು ಬರಲು ನಲವತ್ತು ದಿನ, ಉದ್ರಿ ಗಿರಾಕಿಯಿಂದ ಬರಬೇಕಾದರೆ ಇನ್ನೂ ಹೆಚ್ಚು. ವಿಸ್ತರಣೆಯ ಮಾತು ಆರಂಭವಾಗಬೇಕಾದದ್ದು ಈ ನಲವತ್ತು ದಿನದಿಂದ.

ಮೊದಲು ತಂದೆಯ ಲೆಕ್ಕ. ಪಕ್ಕದ ಮಳಿಗೆಯ ಅಡ್ವಾನ್ಸು, ರ‍್ಯಾಕು, ದೀಪ, ಬಿಲ್ಲಿಂಗ್ ಯಂತ್ರ, ಮೂರು ಲಕ್ಷದ ಹೊಸ ಸರಕು ಎಲ್ಲ ಸೇರಿ 7 ಲಕ್ಷ ಬೇಕೆನ್ನೋಣ. ತಿಂಗಳಿಗೆ ಬಾಡಿಗೆ, ಇನ್ನೊಬ್ಬ ಹುಡುಗನ ಸಂಬಳ, ಕರೆಂಟು ಸೇರಿ 25,000, ಬ್ಯಾಂಕು ಸಾಲವಾದರೆ ನೂರಕ್ಕೆ ಹನ್ನೊಂದರಂತೆ ಬಡ್ಡಿ ಸುಮಾರು 6,400. ದೊಡ್ಡ ಅಂಗಡಿಗೆ ಹೊಸದಾಗಿ ಬರುವುದು ಒಣಹಣ್ಣು, ಸೌಂದರ್ಯ ಸಾಮಗ್ರಿ, ಪ್ಲಾಸ್ಟಿಕ್ ಡಬ್ಬ, ನೋಟ್‌ಬುಕ್ಕಿನಂಥ ಸರಕು. ಇವುಗಳಲ್ಲಿ ಉಳಿತಾಯ ಸ್ವಲ್ಪ ಹೆಚ್ಚು. ಎಂಟರಲ್ಲಿ ಒಂದು ಪಾಲು ಉಳಿಯುತ್ತದೆ ಎಂದಿಟ್ಟುಕೊಂಡರೂ ಹೊಸ ಖರ್ಚು ಹುಟ್ಟಲು ತಿಂಗಳಿಗೆ ಎರಡೂವರೆ ಲಕ್ಷ, ದಿನಕ್ಕೆ ಸುಮಾರು 8,400 ರೂಪಾಯಿ ಹೆಚ್ಚು ವ್ಯಾಪಾರ ಆಗಬೇಕು. ಗಿರಾಕಿಗಳು ಅವರೇ, ಓಣಿ ಅದೇ. ದಿನಕ್ಕೆ 150 ಬಿಲ್ಲು ಆಗುತ್ತಿದ್ದರೆ ಪ್ರತಿ ಬಿಲ್ಲಿನಲ್ಲೂ ಐವತ್ತಾರು ರೂಪಾಯಿ ಏರಬೇಕು. ಆದ್ದರಿಂದ ತಂದೆ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈಗ 167 ರೂಪಾಯಿಯ ಸಾಮಾನು ಒಯ್ಯುವ ಮನೆಯವರು, ಜಾಗ ದೊಡ್ಡದಾದರೆ 223 ರೂಪಾಯಿಯ ಸಾಮಾನು ಒಯ್ಯುತ್ತಾರೆಯೇ?

ಈಗ ಮಗನ ಲೆಕ್ಕ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ ಬಸ್ಸಿನಲ್ಲಿ ಅರ್ಧ ಗಂಟೆ ಮುಕ್ಕಾಲು ಗಂಟೆಯ ದಾರಿ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದ ಮೇಲೆ ಅಲ್ಲಿಗೆ ಕಚೇರಿಗಳು ಬಂದವು, ಸಂಬಳದ ಜನ ಬಂದರು, ಹೊಸ ಬಡಾವಣೆಗಳು ಎದ್ದವು. ಹೊಸ ಗಿರಾಕಿ ಅಲ್ಲಿ ಸಿಗುತ್ತಾನೆ ಎನ್ನುವ ಮಗನ ಮಾತಿನಲ್ಲಿ ಹುರುಳಿದೆ. ಆದರೆ ಅಂಗಡಿ ತೆರೆದ ದಿನವೇ ಖರ್ಚು ಪೂರ್ತಿಯಾಗಿ ಶುರುವಾಗುತ್ತದೆ, ಗಿರಾಕಿ ಬರುವುದು ನಿಧಾನವಾಗಿ. ಅಡ್ವಾನ್ಸು, ಪೀಠೋಪಕರಣ, ಆರು ಲಕ್ಷದ ಸರಕು ಸೇರಿ ಹತ್ತೂವರೆ ಲಕ್ಷ. ತಿಂಗಳಿಗೆ ಬಾಡಿಗೆ, ಇಬ್ಬರ ಸಂಬಳ, ಕರೆಂಟು, ಸಾಗಣೆ ಎಂದು 55,000, ಅದರ ಮೇಲೆ ಬಡ್ಡಿ ಹತ್ತು ಸಾವಿರದ ಹತ್ತಿರ. ಒಟ್ಟು 65,000. ನೂರಕ್ಕೆ ಹತ್ತು ಉಳಿಯುವ ವ್ಯಾಪಾರದಲ್ಲಿ ಇಷ್ಟನ್ನು ಹುಟ್ಟಿಸಲು ತಿಂಗಳಿಗೆ ಆರೂವರೆ ಲಕ್ಷದ ಮಾರಾಟ, ಅಂದರೆ ದಿನಕ್ಕೆ 21,700 ಬೇಕು. ತಂದೆ ವರ್ಷಗಟ್ಟಲೆ ಕೂತು ಕಟ್ಟಿದ ಅಂಗಡಿಯ ವ್ಯಾಪಾರ 25,000. ಹೊಸ ಅಂಗಡಿ ಹೆಚ್ಚುಕಡಿಮೆ ಅಷ್ಟನ್ನೇ ಮುಟ್ಟಿದರೂ ನಷ್ಟ ತಪ್ಪಿತು ಎನ್ನಬಹುದೇ ಹೊರತು ಮಗನ ಕೈಗೆ ಒಂದು ರೂಪಾಯಿ ಸಂಬಳ ಬಂದಿಲ್ಲ. ಮುಟ್ಟುವ ತನಕ ಆಗುವ ನಷ್ಟ ಹಳೆಯ ಅಂಗಡಿಯ ಗಲ್ಲಾದಿಂದಲೇ ಹೋಗಬೇಕು.

ಇಲ್ಲಿಯೇ ಇನ್ನೊಂದು ಗಡಿ ಬರುತ್ತದೆ. ಅದನ್ನು ಅಪ್ಪ ಮಗ ಇಬ್ಬರೂ ಮಾತಿನ ಬಿರುಸಿನಲ್ಲಿ ಮರೆಯುವುದುಂಟು. ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗೆ ರಾಜಿ ತೆರಿಗೆ, ಅಂದರೆ ಕಾಂಪೋಸಿಷನ್ ಪದ್ಧತಿ ಇದೆ. ವರ್ಷದ ವಹಿವಾಟು ಒಂದೂವರೆ ಕೋಟಿ ಮೀರದಿದ್ದರೆ ತೆರಿಗೆ ಬೀಳುವ ಸರಕಿನ ಮಾರಾಟದ ಮೇಲೆ ನೂರಕ್ಕೆ ಒಂದು ಕಟ್ಟಿ, ಮೂರು ತಿಂಗಳಿಗೊಮ್ಮೆ ಲೆಕ್ಕ, ವರ್ಷಕ್ಕೊಮ್ಮೆ ರಿಟರ್ನು ಕೊಟ್ಟರೆ ಸಾಕು. ನಮ್ಮ ಅಂಗಡಿಯ ವಹಿವಾಟು ವರ್ಷಕ್ಕೆ 90 ಲಕ್ಷ. ಪಕ್ಕದ ಮಳಿಗೆ ಸೇರಿಸಿದರೆ 1 ಕೋಟಿ 20 ಲಕ್ಷ, ಗಡಿಯ ಒಳಗೇ ಇರುತ್ತದೆ. ಚಿಕ್ಕಬಳ್ಳಾಪುರದ ಅಂಗಡಿ ನಷ್ಟವಿಲ್ಲದಷ್ಟು ಮಾರಿದರೆ ಅಲ್ಲಿ ವರ್ಷಕ್ಕೆ 78 ಲಕ್ಷ. ಎರಡೂ ಸೇರಿದರೆ 1 ಕೋಟಿ 68 ಲಕ್ಷ. ಊರು ಬೇರೆಯಾದರೂ ಪ್ಯಾನ್ ಒಂದೇ ಆದ್ದರಿಂದ ವಹಿವಾಟು ಒಟ್ಟಿಗೇ ಎಣಿಕೆಯಾಗುತ್ತದೆ, ತೆರಿಗೆ ಬೀಳದ ಅಕ್ಕಿ ಬೇಳೆಯ ಮಾರಾಟವೂ ಅದರಲ್ಲಿ ಸೇರುತ್ತದೆ. ಗಡಿ ದಾಟಿದ ದಿನದಿಂದ ರಾಜಿ ಪದ್ಧತಿ ಮುಗಿಯಿತು. ಸಾಮಾನ್ಯ ಪದ್ಧತಿಯಲ್ಲಿ ಖರೀದಿಯ ಮೇಲೆ ಕೊಟ್ಟ ತೆರಿಗೆ ವಜಾ ಸಿಗುತ್ತದೆ ನಿಜ. ಆದರೆ ಪ್ರತಿ ಖರೀದಿ ಬಿಲ್ಲೂ ಹೊಂದಬೇಕು, ಪ್ರತಿ ಮಾರಾಟಕ್ಕೂ ದರವಾರು ಲೆಕ್ಕ ಬೇಕು, ಲೆಕ್ಕಿಗರ ಫೀಸು ಬೇಕು. ಮಗನ ಹೆಸರಿನಲ್ಲಿ ಬೇರೆ ನೋಂದಣಿ ಮಾಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಬಂಡವಾಳ, ಖರೀದಿ, ಬ್ಯಾಂಕ್ ಖಾತೆ ಎಲ್ಲವೂ ನಿಜವಾಗಿ ಮಗನದೇ ಆಗಿದ್ದರೆ ಅದು ಸರಿ. ಸರಕು ಒಂದೇ ಗೋದಾಮಿನಿಂದ ಹೋಗಿ, ದುಡ್ಡು ಒಂದೇ ಗಲ್ಲಾಕ್ಕೆ ಬರುತ್ತಿದ್ದರೆ ಅದು ಕಾಗದದ ಮೇಲಿನ ಬೇರ್ಪಾಟು ಅಷ್ಟೆ. ಯುಪಿಐ ಲೆಕ್ಕ ನೋಡಿ 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟದ್ದು ಎಲ್ಲರಿಗೂ ನೆನಪಿದೆ. ವಹಿವಾಟು ಕಣ್ಣಿಗೆ ಬೀಳದ ಕಾಲ ಹೋಯಿತು.

ಎರಡು ಅಂಗಡಿ ಎಂದರೆ ಎರಡರಷ್ಟು ಖರೀದಿ, ಆದ್ದರಿಂದ ಡಿಸ್ಟ್ರಿಬ್ಯೂಟರ್ ಹತ್ತಿರ ಒಳ್ಳೆಯ ದರ ಸಿಗುತ್ತದೆ ಎನ್ನುವುದು ಮಗನ ಇನ್ನೊಂದು ವಾದ. ಮಂಡಿಯಿಂದ ತರುವ ಬೇಳೆ, ಸಕ್ಕರೆ, ಬೆಲ್ಲಕ್ಕೆ ಇದು ಸ್ವಲ್ಪ ಮಟ್ಟಿಗೆ ನಿಜ. ಕಂಪನಿ ಸರಕಿಗೆ ಹಾಗಲ್ಲ. ಸಾಮಾನ್ಯವಾಗಿ ಒಂದೊಂದು ಊರಿಗೆ ಒಬ್ಬೊಬ್ಬ ಡಿಸ್ಟ್ರಿಬ್ಯೂಟರ್, ಅವರವರ ಲೈನು ಬೇರೆ, ವಾರ ಬೇರೆ. ಶಿಡ್ಲಘಟ್ಟದಲ್ಲಿ ಎರಡು ಕೇಸು, ಚಿಕ್ಕಬಳ್ಳಾಪುರದಲ್ಲಿ ಎರಡು ಕೇಸು ತೆಗೆದುಕೊಂಡರೆ ನಾಲ್ಕು ಕೇಸಿನ ಸ್ಕೀಮು ಎಲ್ಲಿಯೂ ಸಿಗುವುದಿಲ್ಲ. ಸರಕಿನ ಕಥೆ ಇನ್ನೂ ಕಷ್ಟ. ಯಾವ ಅಂಗಡಿಯೂ ನಾಳೆ ಬೇಕಾಗುವಷ್ಟನ್ನೇ ಇಡುವುದಿಲ್ಲ. ಹಬ್ಬಕ್ಕೆ, ಮದುವೆಗೆ, ಗಾಡಿ ಬರದ ವಾರಕ್ಕೆ ಎಂದು ಸ್ವಲ್ಪ ಮೀಸಲು ಇರುತ್ತದೆ. ಒಂದೇ ಅಂಗಡಿಯಾದರೆ ಒಂದು ಮೀಸಲು, ಎರಡಾದರೆ ಎರಡು. ಇಲ್ಲಿ ಅರ್ಧ ಚೀಲ ರವೆ ಹೆಚ್ಚಾಗಿ ಹುಳು ಹಿಡಿಯುತ್ತಿರುವಾಗ ಅಲ್ಲಿ ರವೆ ಇಲ್ಲವೆಂದು ಗಿರಾಕಿ ತಿರುಗಿ ಹೋಗಬಹುದು. ಅದನ್ನು ಸಾಗಿಸಲು ಗಾಡಿ ಕಳಿಸಿದರೆ ರವೆಯ ಲಾಭ ಡೀಸೆಲ್ಲಿಗೆ ಹೋಯಿತು. ನಲವತ್ತು ದಿನಕ್ಕೆ ಸುತ್ತುತ್ತಿದ್ದ ದುಡ್ಡು ಎರಡು ಅಂಗಡಿಯಾದ ಮೇಲೆ ನಲವತ್ತೈದು, ಐವತ್ತು ದಿನಕ್ಕೆ ಜಾರುವುದು ಹೀಗೆ.

ಅಂಗಡಿಗಳ ಸಂಖ್ಯೆ ಬೆಳೆದು ಸುತ್ತುವ ದುಡ್ಡು ಬತ್ತಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಪಕ್ಕದ ಚೆನ್ನೈನಲ್ಲೇ ಸಾಕ್ಷಿ ಇದೆ. ಸುಭಿಕ್ಷಾ ಎಂಬ ದಿನಸಿ ಅಂಗಡಿಗಳ ಸರಣಿ ಅಲ್ಲಿ 1997ರಲ್ಲಿ ಶುರುವಾಯಿತು. ಮೊದಲ ವರ್ಷಗಳಲ್ಲಿ ತಮಿಳುನಾಡಿನೊಳಗೇ ಬೆಳೆದು, ಆಮೇಲೆ ನಾಗಾಲೋಟಕ್ಕೆ ಬಿದ್ದು, 2008ರ ಹೊತ್ತಿಗೆ ದೇಶದಾದ್ಯಂತ ಸುಮಾರು 1,600 ಅಂಗಡಿಗಳಾದವು. ಬೆಂಗಳೂರಿನಲ್ಲೂ ಇದ್ದವು. 2009ರ ಮೊದಲ ತಿಂಗಳುಗಳಲ್ಲಿ ಎಲ್ಲವೂ ಬಾಗಿಲು ಹಾಕಿದವು. ಜನ ದಿನಸಿ ಕೊಳ್ಳುವುದನ್ನು ನಿಲ್ಲಿಸಿರಲಿಲ್ಲ. ಸಾಲದ ದುಡ್ಡೆಲ್ಲ ಹೊಸ ಅಂಗಡಿಗಳಿಗೆ ಹೋಗಿ, ಸರಕು ಕೊಟ್ಟವರಿಗೆ, ಬಾಡಿಗೆಗೆ, ಸಂಬಳಕ್ಕೆ ಉಳಿಯಲಿಲ್ಲ. ಸರಕು ಬರುವುದು ನಿಂತಿತು, ರ‍್ಯಾಕುಗಳು ಖಾಲಿಯಾದವು, ಗಿರಾಕಿ ಬೇರೆ ದಾರಿ ನೋಡಿಕೊಂಡ. ನಮ್ಮದು ಎರಡೇ ಅಂಗಡಿ, ಆ ಹೋಲಿಕೆ ಏಕೆ ಎನ್ನಬಹುದು. ಪ್ರಮಾಣ ಬೇರೆ, ರೋಗ ಒಂದೇ. ಕಂಪನಿ ಸರಕಿಗೆ ವಾರದೊಳಗೆ ದುಡ್ಡು ಕೊಡಬೇಕು, ನಮಗೆ ವಾಪಸು ಬರುವುದು ನಲವತ್ತು ದಿನಕ್ಕೆ. ನಡುವಿನ ಆ ಅಂತರವನ್ನು ಸ್ವಂತ ದುಡ್ಡು ತುಂಬಬೇಕು. ಹೊಸ ಅಂಗಡಿ ಎಂದರೆ ಆ ಅಂತರ ಇನ್ನೊಂದು ಪಟ್ಟು.

ಇನ್ನು ತಂದೆಯ ಹಳೆಯ ಪ್ರಶ್ನೆ, ಗಲ್ಲಾ ನೋಡಿಕೊಳ್ಳುವವರು ಯಾರು ಎನ್ನುವುದು. ಇದನ್ನು ಮಗ ಅನುಮಾನವೆಂದು ತಿಳಿಯುತ್ತಾನೆ. ನಿಜವಾಗಿ ಇದೊಂದು ಲೆಕ್ಕದ ಪ್ರಶ್ನೆ, ಇದಕ್ಕೆ ಉತ್ತರವೂ ಲೆಕ್ಕದಲ್ಲೇ ಇದೆ. ತಿಂಗಳ ಕೊನೆಯ ರಾತ್ರಿ ಬಾಗಿಲು ಹಾಕಿ ಸರಕು ಎಣಿಸಬೇಕು. ಹೊಸ ಅಂಗಡಿಯಲ್ಲಿ ತಿಂಗಳ ಮೊದಲಿಗೆ 6 ಲಕ್ಷದ ಸರಕಿತ್ತು, ತಿಂಗಳಲ್ಲಿ 5 ಲಕ್ಷ 60 ಸಾವಿರದ್ದು ಬಂತು, ಈಗ 5 ಲಕ್ಷ 50 ಸಾವಿರದ್ದು ಉಳಿದಿದೆ ಎಂದರೆ ಹೊರಗೆ ಹೋದದ್ದು ಕೊಂಡ ಬೆಲೆಯಲ್ಲಿ 6 ಲಕ್ಷ 10 ಸಾವಿರ. ನೂರಕ್ಕೆ ಹತ್ತು ಉಳಿಯಬೇಕಾದರೆ ಮಾರಾಟ 6 ಲಕ್ಷ 78 ಸಾವಿರದ ಹತ್ತಿರ ಇರಬೇಕು. ನಗದು, ಯುಪಿಐ, ಉದ್ರಿ ಮೂರೂ ಕೂಡಿದಾಗ ಆರೂವರೆ ಲಕ್ಷ ಮಾತ್ರ ಸಿಕ್ಕಿದರೆ ಹತ್ತಿರ ಇಪ್ಪತ್ತೆಂಟು ಸಾವಿರ ಸೋರಿದೆ ಎಂದರ್ಥ. ಕಳ್ಳತನವೇ ಆಗಬೇಕೆಂದಿಲ್ಲ. ಅವಧಿ ಮೀರಿದ ಸರಕನ್ನು ವಾಪಸು ಕಳಿಸದೆ ಬಿಟ್ಟಿರಬಹುದು, ಚೀಲದಲ್ಲಿ ತೂಕ ಕಡಿಮೆ ಬಂದಿರಬಹುದು, ಹುಡುಗರು ತೂಗುವಾಗ ಕೈ ಜಾರಿರಬಹುದು, ಗಿರಾಕಿ ಯುಪಿಐ ಹಾಕಿದೆ ಎಂದದ್ದನ್ನು ಯಾರೂ ನೋಡದಿರಬಹುದು. ಕಾರಣ ಏನೇ ಇರಲಿ, ತಂದೆ ಎದುರಿಗೆ ಕೂತಿರುವ ಅಂಗಡಿಯಲ್ಲೇ ಈ ಎಣಿಕೆ ನಡೆಯುತ್ತಿಲ್ಲವಾದರೆ ಅರ್ಧ ಗಂಟೆ ದೂರದ ಅಂಗಡಿಯಲ್ಲಿ ಸೋರಿಕೆ ಗೊತ್ತಾಗುವುದು ಬಂಡವಾಳ ಮುಗಿದ ಮೇಲೆ.

ಮಗನ ಪರವಾಗಿ ಇರುವ ಅತ್ಯಂತ ಗಟ್ಟಿ ವಾದವನ್ನು ಇನ್ನೂ ಮುಟ್ಟಿಲ್ಲ. ಶಿಡ್ಲಘಟ್ಟದ ಜೀವನ ನಿಂತಿರುವುದು ರೇಷ್ಮೆಯ ಮೇಲೆ. ಸರ್ಕಾರಿ ಗೂಡು ಮಾರುಕಟ್ಟೆಯಲ್ಲಿ ಹರಾಜಾದರೆ ರೈತನ ಕೈಗೆ ದುಡ್ಡು, ನೂಲು ಮಾರಿದರೆ ರೀಲರನ ಕೈಗೆ ದುಡ್ಡು, ಅವನಿಂದ ರೀಲಿಂಗ್ ಘಟಕದ ಕೂಲಿಯವರಿಗೆ. ಮೊಟ್ಟೆಯೊಡೆದು ಬಂದ ಹುಳು ಬೆಳೆದು, ಚಂದ್ರಿಕೆಗೆ ಹತ್ತಿ, ಗೂಡು ಮಾರುಕಟ್ಟೆಗೆ ಬರಲು ಹತ್ತಿರ ಒಂದು ತಿಂಗಳು. ಅಲ್ಲಿಯ ತನಕ ಮನೆಯ ದಿನಸಿ ಉದ್ರಿ. ಗೂಡಿನ ಬೆಲೆ ಬಿದ್ದರೆ, ಬೆಳೆ ಹೋದರೆ ಅಂಗಡಿಯ ಉದ್ರಿ ಪುಸ್ತಕ ಅದೇ ತಿಂಗಳು ದಪ್ಪವಾಗುತ್ತದೆ. "ಒಂದೇ ಕಸುಬಿನ ಜನರನ್ನು ನಂಬಿ ಇರೋದಕ್ಕಿಂತ ಸಂಬಳದವರ ಊರಲ್ಲೂ ಒಂದು ಕಾಲಿಟ್ಟಿರೋಣ" ಎಂದು ಮಗ ಹೇಳಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ವಾದದ ತುದಿಯನ್ನೂ ನೋಡಬೇಕು. ಚಿಕ್ಕಬಳ್ಳಾಪುರದ ಅಂಗಡಿ ತನ್ನ ಕಾಲ ಮೇಲೆ ನಿಲ್ಲುವ ತನಕ ಅದನ್ನು ಸಾಕುವುದು ಶಿಡ್ಲಘಟ್ಟದ ಗಲ್ಲಾ. ಗೂಡಿನ ಬೆಲೆ ಬಿದ್ದು ಇಲ್ಲಿ ವಸೂಲಿ ನಿಂತ ತಿಂಗಳಲ್ಲೇ ಅಲ್ಲಿಯ ಡಿಸ್ಟ್ರಿಬ್ಯೂಟರ್ ಬಾಗಿಲಿಗೆ ಬಂದಿರುತ್ತಾನೆ. ಅಂದರೆ ಅಪಾಯ ಹಂಚಿಕೆಯಾಗುವ ಮೊದಲು ಒಂದೆರಡು ವರ್ಷ ಇಮ್ಮಡಿಯಾಗುತ್ತದೆ. ಉದ್ರಿಯನ್ನು ಇಳಿಸದೆ ಶಾಖೆ ತೆರೆದರೆ ತಪ್ಪಿಸಿಕೊಳ್ಳಬೇಕೆಂದ ಅಪಾಯವನ್ನೇ ಅಲ್ಲಿಗೂ ಒಯ್ದಂತೆ.

ಹಾಗಾದರೆ ತಂದೆಯ ದಾರಿಯೇ ಸರಿಯೇ? ಅದಕ್ಕೂ ಪರೀಕ್ಷೆ ಬೇಕು. ಜಾಗ ದೊಡ್ಡದಾದ ಮಾತ್ರಕ್ಕೆ ಊರಿನ ಹೊಟ್ಟೆ ದೊಡ್ಡದಾಗುವುದಿಲ್ಲ. ಉಚಿತ ಅಕ್ಕಿ ಬರುವ ಮನೆಯವರು ಅಂಗಡಿಯಲ್ಲಿ ಕೊಳ್ಳುವ ಅಕ್ಕಿ ಕಡಿಮೆಯಾಗಿದ್ದರೆ, ಅಕ್ಕಿ ಮೂಟೆಗೆ ಇನ್ನಷ್ಟು ಜಾಗ ಮಾಡಿ ಉಪಯೋಗವಿಲ್ಲ. ಗೋಡೆ ಒಡೆಯುವ ಮೊದಲು ಮೂರು ತಿಂಗಳು ಒಂದು 'ಇಲ್ಲ' ಪುಸ್ತಕ ಇಡಬೇಕು. ಗಿರಾಕಿ ಕೇಳಿ ಅಂಗಡಿಯವರು ಇಲ್ಲ ಎಂದ ಪ್ರತಿ ವಸ್ತುವನ್ನೂ, ಸಂಜೆಯ ಗದ್ದಲದಲ್ಲಿ ಕಾಯಲಾರದೆ ತಿರುಗಿ ಹೋದವರನ್ನೂ ಅದರಲ್ಲಿ ಬರೆಯಬೇಕು, ಗಿರಾಕಿ ಯಾವ ಕಡೆಯ ಹಳ್ಳಿಯವರು ಎನ್ನುವುದನ್ನೂ ಸೇರಿಸಬೇಕು. ಆ ಪುಸ್ತಕದಲ್ಲಿ ದಿನಕ್ಕೆ 8,400 ರೂಪಾಯಿಯ 'ಇಲ್ಲ' ಸಿಕ್ಕಿದರೆ ಪಕ್ಕದ ಮಳಿಗೆ ಹಿಡಿಯಬಹುದು. ಮೂರು ಸಾವಿರದ್ದು ಸಿಕ್ಕಿದರೆ ಇರುವ ಮಳಿಗೆಯಲ್ಲೇ ಮೂಲೆಯ ಗೋದಾಮನ್ನು ತೆರವು ಮಾಡಿ ಎರಡು ರ‍್ಯಾಕು ಹಾಕಿದರೆ ಸಾಕು. 'ಇಲ್ಲ' ಎನಿಸಿಕೊಂಡವರಲ್ಲಿ ಹೆಚ್ಚಿನವರು ಒಂದೇ ದಿಕ್ಕಿನ ಹಳ್ಳಿಗಳವರಾಗಿದ್ದರೆ, ಶಾಖೆ ಹಾಕಬೇಕಾದದ್ದು ಚಿಕ್ಕಬಳ್ಳಾಪುರದಲ್ಲಲ್ಲ, ಆ ದಿಕ್ಕಿನ ಕ್ರಾಸಿನಲ್ಲಿ. ಅದೇ ತಿಂಗಳುಗಳಲ್ಲಿ ಸುಮ್ಮನೆ ಕೂತ ಸರಕನ್ನು ಕಡಿಮೆ ಮಾಡಿ ನಲವತ್ತು ದಿನದ ಸುತ್ತನ್ನು ಮೂವತ್ತಕ್ಕೆ ಇಳಿಸಿದರೆ 2 ಲಕ್ಷ 25 ಸಾವಿರ ಅಂಗಡಿಯೊಳಗಿನಿಂದಲೇ ಬಿಡುಗಡೆಯಾಗುತ್ತದೆ. ಉದ್ರಿಯಲ್ಲಿ ಒಂದು ಲಕ್ಷ ವಸೂಲಾದರೆ ಏಳು ಲಕ್ಷದ ವಿಸ್ತರಣೆಗೆ ಬ್ಯಾಂಕಿನಿಂದ ಬೇಕಾದದ್ದು ನಾಲ್ಕು ಲಕ್ಷವೂ ಇಲ್ಲ.

ಕೊನೆಯ ಆಕ್ಷೇಪಣೆ ಲೆಕ್ಕದ್ದಲ್ಲ. ಬೆಳೆದ ಮಗನಿಗೆ ತನ್ನದು ಎನ್ನುವ ಒಂದು ಅಂಗಡಿ ಬೇಕು, ಇಲ್ಲದಿದ್ದರೆ ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ ಎನ್ನುವುದು. ಇದು ನಿಜ, ಇದನ್ನು ಬಾಯಿಬಿಟ್ಟು ಆಡುವುದು ಒಳ್ಳೆಯದು. ಏಕೆಂದರೆ ಅನೇಕ ಮನೆಗಳಲ್ಲಿ ಶಾಖೆಯ ಮಾತಿನ ಒಳಗೆ ಪಾಲಿನ ಮಾತು ಅಡಗಿರುತ್ತದೆ. ಪಾಲೇ ಆಗಬೇಕಾಗಿದ್ದರೆ ಅದನ್ನು ಪಾಲೆಂದೇ ಕರೆದು, ಬಂಡವಾಳ ಅಳೆದು ಕೊಟ್ಟು, ಹೆಸರು, ಲೆಕ್ಕ, ಸಾಲ ಬೇರೆ ಮಾಡಬೇಕು. ಪಾಲಲ್ಲ, ಶಾಖೆಯೇ ಎನ್ನುವುದಾದರೆ ಅಪ್ಪನ ಅಂಗಡಿಯೊಳಗೇ ಮಗನಿಗೆ ಒಂದು ವಿಭಾಗ ಬಿಡಬಹುದು. ಹೊಸ ಮಳಿಗೆಯ ಸರಕು, ಖರೀದಿ, ದರ, ತಿಂಗಳ ಎಣಿಕೆ ಪೂರ್ತಿ ಅವನದು, ಅದರ ಉಳಿತಾಯದಲ್ಲಿ ಗೊತ್ತಾದ ಪಾಲೂ ಅವನದು, ತಂದೆ ಅದರಲ್ಲಿ ಕೈ ಹಾಕಕೂಡದು. ಒಂದು ವರ್ಷ ಆ ವಿಭಾಗದ ಎಣಿಕೆಯಲ್ಲಿ ವ್ಯತ್ಯಾಸ ನೂರಕ್ಕೆ ಒಂದರೊಳಗೆ ನಿಂತರೆ ದೂರದ ಅಂಗಡಿಯನ್ನು ಅವನು ನಡೆಸಬಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಅಪ್ಪ ಮಗ ಇಬ್ಬರೂ ಒಂದು ಹಾಳೆಯಲ್ಲಿ ಷರತ್ತುಗಳನ್ನು ಬರೆದುಕೊಳ್ಳಲಿ. ಈ ವರ್ಷ 'ಇಲ್ಲ' ಪುಸ್ತಕ ಹೇಳಿದಷ್ಟು ಮಾತ್ರ ವಿಸ್ತರಣೆ. ಸರಕಿನ ಸುತ್ತು ಮೂವತ್ತು ದಿನಕ್ಕೆ ಇಳಿದು, ಉದ್ರಿ ಒಂದು ವಾರದ ವ್ಯಾಪಾರಕ್ಕಿಂತ ಕಡಿಮೆಯಾಗಿ, ಮಗನ ಎಣಿಕೆ ಸರಿಬಂದರೆ ಮುಂದಿನ ವರ್ಷ ಚಿಕ್ಕಬಳ್ಳಾಪುರದಲ್ಲಿ ಮಳಿಗೆ ಹುಡುಕುವುದು. ಆಗ ಅಲ್ಲಿ ಬೇರೆ ಎಫ್‌ಎಸ್‌ಎಸ್‌ಎಐ ಪರವಾನಗಿ, ನಗರಸಭೆಯ ಉದ್ದಿಮೆ ಪರವಾನಗಿ, ಮುದ್ರೆ ಹಾಕಿಸಿದ ತಕ್ಕಡಿ, ಜಿಎಸ್‌ಟಿ ನೋಂದಣಿಯಲ್ಲಿ ಹೊಸ ಜಾಗದ ಸೇರ್ಪಡೆ, ಇವೆಲ್ಲ ಬಾಗಿಲು ತೆರೆಯುವ ಮೊದಲೇ ಆಗಲಿ. ಆ ಹಾಳೆಯಲ್ಲಿ ಮುಚ್ಚುವ ಷರತ್ತೂ ಇರಬೇಕು: ಒಂಬತ್ತು ತಿಂಗಳಾದರೂ ದಿನದ ವ್ಯಾಪಾರ 15,000 ಮುಟ್ಟದಿದ್ದರೆ ಸರಕನ್ನು ಶಿಡ್ಲಘಟ್ಟಕ್ಕೆ ತಂದು ಬಾಗಿಲು ಹಾಕುವುದು. ನಷ್ಟದ ಅಂಗಡಿಯನ್ನು ಮರ್ಯಾದೆಗಾಗಿ ನಡೆಸಿ ಹಳೆಯ ಅಂಗಡಿಯನ್ನೂ ಕಳೆದುಕೊಳ್ಳುವುದು ತೆರೆಯುವಾಗಿನ ತಪ್ಪಿಗಿಂತ ದೊಡ್ಡ ತಪ್ಪು. ಮುಚ್ಚುವ ದಿನವನ್ನು ತೆರೆಯುವ ಮೊದಲೇ ಗೊತ್ತುಮಾಡಿಕೊಳ್ಳಲು ಮಗ ಒಪ್ಪುವುದಾದರೆ, ತಂದೆಗೆ ಬೇಡ ಎನ್ನಲು ಹೆಚ್ಚು ಕಾರಣಗಳು ಉಳಿಯುವುದಿಲ್ಲ.